ಬೇಡಿಕೆ ರೇಖೆಯೇ ಸರಿಯಿತೋ, ರೇಖೆಯ ಮೇಲೆ ಬಿಂದು ಸರಿಯಿತೋ: ಕೋಲಾರದ ಟೊಮೆಟೊ ದರ ಹಿಡಿದು ಒಂದು ಮಾರ್ಗದರ್ಶಿ

ಅರ್ಥಶಾಸ್ತ್ರ ಓದುವ ಪಿಯುಸಿ ವಿದ್ಯಾರ್ಥಿಗಳು ಪ್ರತಿ ವರ್ಷ ಪರೀಕ್ಷೆ ಹತ್ತಿರವಾದಾಗ ಕೇಳುವ ಪ್ರಶ್ನೆ ಒಂದೇ: ಬೇಡಿಕೆ ರೇಖೆಯ ಪಲ್ಲಟಕ್ಕೂ ಬೇಡಿಕೆ ರೇಖೆಯ ಮೇಲಿನ ಚಲನೆಗೂ ಇರುವ ವ್ಯತ್ಯಾಸವೇನು? ಎರಡರ ವ್ಯಾಖ್ಯೆಯನ್ನೂ ಅವರು ಬಾಯಿಪಾಠ ಮಾಡಿರುತ್ತಾರೆ. ಆದರೆ ಪ್ರಶ್ನೆಯಲ್ಲಿ ವ್ಯಾಖ್ಯೆಯ ಬದಲು ಒಂದು ಸನ್ನಿವೇಶ ಕೊಟ್ಟು, ಚಿತ್ರ ಬರೆಯಿರಿ ಎಂದಾಗ ತಪ್ಪುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ವ್ಯಾಖ್ಯೆಗಳಿಗಿಂತ ಹೆಚ್ಚಾಗಿ, ಸನ್ನಿವೇಶವನ್ನು ಓದಿ ಚಿತ್ರಕ್ಕೆ ಇಳಿಸುವ ಕ್ರಮವನ್ನು ಹೇಳಿದ್ದೇನೆ. ಉದಾಹರಣೆಗೆ ಬಹುಪಾಲು ಟೊಮೆಟೊವನ್ನೇ ಬಳಸಿದ್ದೇನೆ. ಕೋಲಾರದ ಸುತ್ತಮುತ್ತ ಬೆಳೆದವರಿಗೆ ಅದರ ದರದ ಏರಿಳಿತವನ್ನು ವಿವರಿಸಿ ಹೇಳಬೇಕಾಗಿಲ್ಲ.

ನಿಮಗೆ ಬೇಕಾಗಿರುವುದು ಒಂದು ಹಾಳೆ, ಪೆನ್ಸಿಲ್, ಸ್ಕೇಲು. ಓದುತ್ತಾ ಹೋದಂತೆ ಚಿತ್ರಗಳನ್ನು ನೀವೇ ಬರೆಯುತ್ತಾ ಹೋಗಬೇಕು.

1. ಮೊದಲು ಅಕ್ಷಗಳನ್ನು ಬರೆದು, ಅವುಗಳ ಹೆಸರನ್ನು ಗಟ್ಟಿಯಾಗಿ ಓದಿಕೊಳ್ಳಿ

ನಿಂತ ಅಕ್ಷದ ಮೇಲೆ ಟೊಮೆಟೊದ ಬೆಲೆ (ಕೆ.ಜಿ.ಗೆ ರೂಪಾಯಿಗಳಲ್ಲಿ), ಮಲಗಿದ ಅಕ್ಷದ ಮೇಲೆ ಬೇಡಿಕೆಯ ಪ್ರಮಾಣ (ದಿನಕ್ಕೆ ಕ್ವಿಂಟಾಲ್‌ಗಳಲ್ಲಿ) ಎಂದು ಬರೆಯಿರಿ. ಬೇಡಿಕೆಯ ಪ್ರಮಾಣ ಎಂದರೆ ಒಂದು ನಿರ್ದಿಷ್ಟ ಬೆಲೆಯಲ್ಲಿ ಕೊಳ್ಳುವವರು ಕೊಳ್ಳಲು ಸಿದ್ಧರಿರುವ ಒಂದು ಸಂಖ್ಯೆ. ಬೇಡಿಕೆ ಎಂದರೆ ಅದಲ್ಲ. ಪ್ರತಿಯೊಂದು ಬೆಲೆಗೂ ಎಷ್ಟೆಷ್ಟು ಕೊಳ್ಳುತ್ತಾರೆ ಎಂಬ ಇಡೀ ಪಟ್ಟಿ. ಒಂದು ಬಿಂದುವಿನ ಹೆಸರು ಬೇಡಿಕೆಯ ಪ್ರಮಾಣ, ಇಡೀ ರೇಖೆಯ ಹೆಸರು ಬೇಡಿಕೆ. ದಿನನಿತ್ಯದ ಮಾತಿನಲ್ಲಿ ನಾವು ಎರಡನ್ನೂ ‘ಬೇಡಿಕೆ’ ಎಂದೇ ಕರೆಯುತ್ತೇವೆ. ಗೊಂದಲದ ಬೇರು ಇರುವುದು ಇಲ್ಲಿಯೇ.

ಈಗ ಒಂದು ಪಟ್ಟಣದ ತರಕಾರಿ ಮಾರುಕಟ್ಟೆಯನ್ನು ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು. ಅಲ್ಲಿನ ಟೊಮೆಟೊ ಬೇಡಿಕೆ Q = 100 − P ಎಂದಿರಲಿ. ಇಲ್ಲಿ P ಎಂಬುದು ಬೆಲೆ, Q ಎಂಬುದು ಬೇಡಿಕೆಯ ಪ್ರಮಾಣ. ಬೆಲೆ 20 ರೂಪಾಯಿ ಇದ್ದಾಗ 80 ಕ್ವಿಂಟಾಲ್, 40 ಇದ್ದಾಗ 60, 60 ಇದ್ದಾಗ 40, 80 ಇದ್ದಾಗ 20 ಕ್ವಿಂಟಾಲ್ ಕೊಳ್ಳುತ್ತಾರೆ. ಈ ನಾಲ್ಕು ಬಿಂದುಗಳನ್ನು ಗುರುತಿಸಿ ಸ್ಕೇಲಿನಿಂದ ಸೇರಿಸಿದರೆ ಎಡದಿಂದ ಬಲಕ್ಕೆ ಇಳಿಯುವ ಗೆರೆ ಬರುತ್ತದೆ. ಅದಕ್ಕೆ D ಎಂದು ಹೆಸರಿಡಿ.

ಗಣಿತ ಓದಿದವರಿಗೆ ಇಲ್ಲೊಂದು ಮುಜುಗರ ಕಾಣಬಹುದು. ಬೆಲೆ ಕಾರಣ, ಪ್ರಮಾಣ ಪರಿಣಾಮ ಎಂದಾದರೆ, ಗಣಿತದ ರೂಢಿಯಂತೆ ಬೆಲೆಯು ಮಲಗಿದ ಅಕ್ಷದ ಮೇಲೆ ಇರಬೇಕಿತ್ತು. ಆಲ್ಫ್ರೆಡ್ ಮಾರ್ಷಲ್ ಅವರ ಕಾಲದಿಂದ ಅರ್ಥಶಾಸ್ತ್ರಜ್ಞರು ಬೆಲೆಯನ್ನು ನಿಂತ ಅಕ್ಷದ ಮೇಲೆಯೇ ಇಡುತ್ತಾ ಬಂದಿದ್ದಾರೆ. ನೀವೂ ಹಾಗೆಯೇ ಇಡಿ. ಆದರೆ ಈ ರೂಢಿಯಿಂದಾಗಿ ಒಂದು ಎಚ್ಚರಿಕೆ ಅಗತ್ಯವಾಗುತ್ತದೆ: ರೇಖೆ ‘ಮೇಲಕ್ಕೆ ಹೋಯಿತು’, ‘ಕೆಳಕ್ಕೆ ಬಂತು’ ಎಂದು ಎಂದೂ ಬರೆಯಬೇಡಿ. ಬೇಡಿಕೆ ರೇಖೆ ಬಲಕ್ಕೆ ಸರಿದರೆ ಅದು ಮೇಲಕ್ಕೆ ಹೋದಂತೆ ಕಾಣುತ್ತದೆ, ಪೂರೈಕೆ ರೇಖೆ ಬಲಕ್ಕೆ ಸರಿದರೆ ಕೆಳಕ್ಕೆ ಇಳಿದಂತೆ ಕಾಣುತ್ತದೆ. ಎರಡೂ ಹೆಚ್ಚಳವೇ. ‘ಬಲಕ್ಕೆ’, ‘ಎಡಕ್ಕೆ’ ಎಂದಷ್ಟೇ ಹೇಳುವ ಅಭ್ಯಾಸವಿದ್ದರೆ ಈ ತೊಡಕು ಬರುವುದಿಲ್ಲ.

2. ಬದಲಾದ ಸಂಗತಿ ಅಕ್ಷದ ಮೇಲೆ ಇದೆಯೇ ಎಂದು ನೋಡಿ

ಪ್ರಶ್ನೆಯನ್ನು ಓದಿ, ಅದರಲ್ಲಿ ಮೊದಲು ಬದಲಾದದ್ದು ಯಾವುದು ಎಂದು ಅಡಿಗೆರೆ ಎಳೆಯಿರಿ. ಆಮೇಲೆ ನೀವು ಬರೆದ ಅಕ್ಷದತ್ತ ನೋಡಿ. ಬದಲಾದದ್ದು ಅದೇ ವಸ್ತುವಿನ ಬೆಲೆಯಾಗಿದ್ದರೆ ಅದು ನಿಂತ ಅಕ್ಷದ ಮೇಲೆ ಈಗಾಗಲೇ ಇದೆ. ಅದರ ಬದಲಾವಣೆಯನ್ನು ತೋರಿಸಲು ಹೊಸ ಗೆರೆ ಬೇಕಿಲ್ಲ, ಇರುವ ಗೆರೆಯ ಮೇಲೆಯೇ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋದರೆ ಸಾಕು. ಇದು ರೇಖೆಯ ಮೇಲಿನ ಚಲನೆ. ಬೆಲೆ ಇಳಿದು ಕೆಳಗಿನ ಬಿಂದುವಿಗೆ ಹೋದರೆ ಬೇಡಿಕೆಯ ವಿಸ್ತರಣೆ ಎಂದೂ, ಬೆಲೆ ಏರಿ ಮೇಲಿನ ಬಿಂದುವಿಗೆ ಹೋದರೆ ಬೇಡಿಕೆಯ ಸಂಕುಚನ ಎಂದೂ ಕರೆಯುತ್ತಾರೆ.

ಬದಲಾದದ್ದು ಜನರ ಆದಾಯ, ಬೇರೊಂದು ವಸ್ತುವಿನ ಬೆಲೆ, ಅಭಿರುಚಿ, ಕೊಳ್ಳುವವರ ಸಂಖ್ಯೆ, ಮುಂದೆ ಬೆಲೆ ಹೀಗಾಗಬಹುದೆಂಬ ನಿರೀಕ್ಷೆ ಇಂಥದ್ದಾಗಿದ್ದರೆ, ಅದಕ್ಕೆ ನಿಮ್ಮ ಚಿತ್ರದಲ್ಲಿ ಅಕ್ಷವೇ ಇಲ್ಲ. ಆ ಗೆರೆಯನ್ನು ಎಳೆದದ್ದೇ ‘ಇತರೆ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಷರತ್ತಿನ ಮೇಲೆ. ಆ ಇತರೆ ಅಂಶಗಳಲ್ಲಿ ಒಂದು ಅಲುಗಿದರೆ ಹಳೆಯ ಗೆರೆ ಸುಳ್ಳಾಗುತ್ತದೆ, ಹೊಸದನ್ನು ಎಳೆಯಲೇಬೇಕು. ಇದು ಪಲ್ಲಟ. ಬಲಕ್ಕಾದರೆ ಬೇಡಿಕೆಯ ಹೆಚ್ಚಳ, ಎಡಕ್ಕಾದರೆ ಬೇಡಿಕೆಯ ಇಳಿಕೆ. ವಿಸ್ತರಣೆ ಮತ್ತು ಸಂಕುಚನ ಒಂದು ಜೋಡಿ, ಹೆಚ್ಚಳ ಮತ್ತು ಇಳಿಕೆ ಇನ್ನೊಂದು ಜೋಡಿ. ಉತ್ತರದಲ್ಲಿ ಇವುಗಳನ್ನು ಅದಲುಬದಲು ಮಾಡಿದರೆ ಚಿತ್ರ ಸರಿಯಾಗಿದ್ದರೂ ವಿವರಣೆ ತಪ್ಪಾಗುತ್ತದೆ.

‘ಬೇರೊಂದು ವಸ್ತುವಿನ ಬೆಲೆ’ ಎಂಬಲ್ಲಿ ಹಲವರು ಎಡವುತ್ತಾರೆ. ಬೆಲೆ ಎಂಬ ಪದ ಕಂಡೊಡನೆ ‘ಚಲನೆ’ ಎಂದು ಬರೆದುಬಿಡುವುದೇ ಇದಕ್ಕೆ ಕಾರಣ. ಟೊಮೆಟೊ ದುಬಾರಿಯಾದಾಗ ಮನೆಗಳಲ್ಲಿ ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕುತ್ತಾರೆ. ಇಲ್ಲಿ ಟೊಮೆಟೊದ ಚಿತ್ರದಲ್ಲಿ ಆಗುವುದು ಚಲನೆ. ಹುಣಸೆಹಣ್ಣಿನ ಚಿತ್ರ ಬೇರೆಯೇ ಇದೆ, ಅದರ ನಿಂತ ಅಕ್ಷದ ಮೇಲಿರುವುದು ಹುಣಸೆಹಣ್ಣಿನ ಬೆಲೆ. ಟೊಮೆಟೊ ಬೆಲೆಗೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಹುಣಸೆಹಣ್ಣಿನ ರೇಖೆ ಬಲಕ್ಕೆ ಸರಿಯುತ್ತದೆ. ಹೀಗೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಹುದಾದವು ಬದಲಿ ಸರಕುಗಳು. ಜೊತೆಜೊತೆಯಾಗಿ ಬಳಕೆಯಾಗುವವು ಪೂರಕ ಸರಕುಗಳು: ಪೆಟ್ರೋಲ್ ಬೆಲೆ ಏರಿದರೆ ಪೆಟ್ರೋಲಿನ ಚಿತ್ರದಲ್ಲಿ ಸಂಕುಚನ, ಸ್ಕೂಟರಿನ ಚಿತ್ರದಲ್ಲಿ ಎಡಕ್ಕೆ ಪಲ್ಲಟ. ಒಂದೇ ಘಟನೆ ಎರಡು ಚಿತ್ರಗಳಲ್ಲಿ ಎರಡು ಬಗೆಯಾಗಿ ಕಾಣುತ್ತದೆ. ಹೀಗಾಗಿ ಪ್ರಶ್ನೆ ಯಾವ ವಸ್ತುವಿನ ರೇಖೆಯನ್ನು ಕೇಳುತ್ತಿದೆ ಎಂಬುದನ್ನು ಚಿತ್ರದ ತಲೆಯ ಮೇಲೆ ಬರೆದುಕೊಂಡೇ ಮುಂದುವರಿಯಿರಿ.

ಆದಾಯದ ವಿಷಯದಲ್ಲಿ ಒಂದು ಮಾತು. ಆದಾಯ ಏರಿದಾಗ ಸಾಮಾನ್ಯ ಸರಕಿನ ರೇಖೆ ಬಲಕ್ಕೂ, ಕೆಳದರ್ಜೆಯ ಸರಕಿನ ರೇಖೆ ಎಡಕ್ಕೂ ಸರಿಯುತ್ತದೆ. ‘ಕೆಳದರ್ಜೆ’ ಎಂಬ ಅನುವಾದ ಅಷ್ಟು ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಗುಣಮಟ್ಟದ ಮಾತೆಂದು ತೋರುತ್ತದೆ. ಒರಟು ಧಾನ್ಯಗಳನ್ನು ಇದಕ್ಕೆ ಉದಾಹರಣೆಯಾಗಿ ಕೊಡುವ ವಾಡಿಕೆಯಿದೆ. ರಾಗಿಮುದ್ದೆ ಉಂಡು ಬೆಳೆದ ನಮ್ಮ ಕಡೆಯ ಹುಡುಗರು ಇದನ್ನು ಓದಿ ಮುಖ ಗಂಟಿಕ್ಕುವುದು ಸಹಜವೇ. ಆದಾಯ ಹೆಚ್ಚಿದಂತೆ ಯಾವುದನ್ನು ಜನ ಕಡಿಮೆ ಕೊಳ್ಳುತ್ತಾರೋ ಅದು ಆ ಜನರಿಗೆ, ಆ ಕಾಲಕ್ಕೆ ಕೆಳದರ್ಜೆಯ ಸರಕು. ಅಷ್ಟೇ ಅದರ ಅರ್ಥ. ಸಕ್ಕರೆ ಕಾಯಿಲೆಯ ಭಯದಿಂದ ಉಳ್ಳವರೇ ರಾಗಿ ಹುಡುಕಿಕೊಂಡು ಬರುವ ಊರಿನಲ್ಲಿ ಅದೇ ರಾಗಿ ಸಾಮಾನ್ಯ ಸರಕಾಗಬಹುದು.

3. ಬೆಲೆ ಏಕೆ ಬದಲಾಯಿತು ಎಂದು ಕೇಳಿಕೊಳ್ಳಿ

ಮೇಲಿನ ಹಂತದಷ್ಟನ್ನು ಮಾತ್ರ ಕಲಿತವರು ನೇರ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸುತ್ತಾರೆ, ಸುತ್ತಿ ಕೇಳಿದ ಪ್ರಶ್ನೆಗಳಲ್ಲಿ ತಪ್ಪುತ್ತಾರೆ. ಬೆಲೆ ತಾನಾಗಿ ಬದಲಾಗುವುದಿಲ್ಲ. ಸ್ಪರ್ಧಾತ್ಮಕ ಮಾರುಕಟ್ಟೆಯಲ್ಲಿ ಬೇಡಿಕೆ ರೇಖೆಯೋ ಪೂರೈಕೆ ರೇಖೆಯೋ ಸರಿದ ಕಾರಣದಿಂದಲೇ ಅದು ಬದಲಾಗುತ್ತದೆ. ಯಾವುದು ಸರಿಯಿತು ಎಂದು ತಿಳಿಯದೆ ಬೆಲೆ ಏರಿಕೆಯೊಂದನ್ನೇ ನೋಡಿ ಉತ್ತರ ಬರೆಯಲಾಗದು.

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಹರಾಜಿನಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸಿನ ದರ 2,000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಜನ ಕೊಳ್ಳುವುದನ್ನು ಕಡಿಮೆ ಮಾಡಿದರು. ಇದನ್ನು ‘ಬೇಡಿಕೆ ಕುಸಿಯಿತು’ ಎಂದು ಹೇಳಬಹುದೇ? ಆಡುಮಾತಿನಲ್ಲಿ ಹೇಳಬಹುದು, ಉತ್ತರಪತ್ರಿಕೆಯಲ್ಲಿ ಹೇಳಬಾರದು. ಕಡಿಮೆಯಾದದ್ದು ಮಾರುಕಟ್ಟೆಗೆ ಬಂದ ಮಾಲು, ಅಂದರೆ ಪೂರೈಕೆ.

ನಮ್ಮ ಅಂಕಿಗಳಲ್ಲಿ ಇದನ್ನು ಬಿಡಿಸೋಣ. ಪೂರೈಕೆ ರೇಖೆ S ಅನ್ನು Q = P + 20 ಎಂದು ಇಟ್ಟುಕೊಳ್ಳಿ. ಬೇಡಿಕೆಗೂ ಪೂರೈಕೆಗೂ ಸರಿಹೊಂದುವ ಬೆಲೆ ಹುಡುಕಿದರೆ 100 − P = P + 20, ಅಂದರೆ ಬೆಲೆ 40 ರೂಪಾಯಿ, ಪ್ರಮಾಣ 60 ಕ್ವಿಂಟಾಲ್. ಇದು ಸಮತೋಲನ ಬಿಂದು. ಅದನ್ನು A ಎಂದು ಗುರುತಿಸಿ. ಈಗ ಮಳೆಯಿಂದಲೋ ರೋಗದಿಂದಲೋ ಫಸಲು ಹಾಳಾಗಿ, ಪ್ರತಿ ಬೆಲೆಯಲ್ಲೂ 40 ಕ್ವಿಂಟಾಲ್ ಕಡಿಮೆ ಬರುವಂತಾಯಿತು ಎನ್ನಿ. ಪೂರೈಕೆ Q = P − 20 ಆಗುತ್ತದೆ, S ರೇಖೆ ಎಡಕ್ಕೆ ಸರಿಯುತ್ತದೆ. 100 − P = P − 20 ಎಂದು ಬಿಡಿಸಿದರೆ ಬೆಲೆ 60 ರೂಪಾಯಿ, ಪ್ರಮಾಣ 40 ಕ್ವಿಂಟಾಲ್. ಈ ಬಿಂದುವನ್ನು B ಎನ್ನಿ.

ಚಿತ್ರವನ್ನು ನಿಧಾನವಾಗಿ ನೋಡಿ. B ಇರುವುದು ಎಲ್ಲಿ? ಅದೇ D ರೇಖೆಯ ಮೇಲೆ. 60 ರೂಪಾಯಿಗೆ 40 ಕ್ವಿಂಟಾಲ್ ಎಂಬುದು ಮೊದಲ ಹಂತದಲ್ಲಿ ನಾವು ಬರೆದ ಪಟ್ಟಿಯಲ್ಲೇ ಇತ್ತು. ಕೊಳ್ಳುವವರ ಮನಸ್ಸು ಬದಲಾಗಿಲ್ಲ. ಬೆಲೆ ಇಷ್ಟಾದರೆ ಇಷ್ಟು ಕೊಳ್ಳುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು, ಈಗ ಹಾಗೆಯೇ ಮಾಡಿದ್ದಾರೆ. ಸರಿದದ್ದು ಪೂರೈಕೆ ರೇಖೆ. ಬೇಡಿಕೆಯಲ್ಲಿ ಆದದ್ದು A ಯಿಂದ B ಗೆ ಸಂಕುಚನ. ಹೊಸ ಬಿಂದು ಹಳೆಯ ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ನಿಮ್ಮ ಉತ್ತರವನ್ನು ನೀವೇ ತಾಳೆ ನೋಡಿಕೊಳ್ಳುವ ಅತ್ಯಂತ ಸರಳ ವಿಧಾನ. ಇದ್ದರೆ ಚಲನೆ, ಇಲ್ಲದಿದ್ದರೆ ಪಲ್ಲಟ.

ಸರ್ಕಾರ ಮಾರಾಟಗಾರರ ಮೇಲೆ ತೆರಿಗೆ ಹಾಕಿದಾಗ, ಡೀಸೆಲ್ ದರ ಏರಿ ಸಾಗಾಟದ ಬಾಡಿಗೆ ಹೆಚ್ಚಿದಾಗ, ಹೊಸ ತಳಿಯಿಂದ ಇಳುವರಿ ಹೆಚ್ಚಿದಾಗ ಕೂಡ ಇದೇ ಕ್ರಮ ಅನ್ವಯಿಸುತ್ತದೆ. ಇವೆಲ್ಲ ಪೂರೈಕೆ ರೇಖೆಯನ್ನು ಸರಿಸುತ್ತವೆ. ಬೇಡಿಕೆ ರೇಖೆ ನಿಂತಲ್ಲೇ ನಿಲ್ಲುತ್ತದೆ.

4. ಪಲ್ಲಟವಾದ ಮೇಲೆ ಬರುವ ಚಲನೆಯನ್ನು ಬಿಡಬೇಡಿ

ಈಗ ಫಸಲಿಗೆ ಏನೂ ಆಗಿಲ್ಲ ಎಂದುಕೊಂಡು A ಬಿಂದುವಿಗೆ ಹಿಂತಿರುಗಿ. ಆಷಾಢ ಕಳೆಯಿತು, ಶ್ರಾವಣ ಬಂತು, ಮದುವೆಗಳು ಶುರುವಾದವು. ಛತ್ರಗಳ ಅಡುಗೆಯವರು ಯಾವ ಬೆಲೆಯಿದ್ದರೂ ದಿನಕ್ಕೆ 30 ಕ್ವಿಂಟಾಲ್ ಹೆಚ್ಚಿಗೆ ಕೊಳ್ಳುತ್ತಾರೆ ಎನ್ನಿ. ಹೊಸ ಬೇಡಿಕೆ Q = 130 − P. 20 ರೂಪಾಯಿಗೆ 110, 40ಕ್ಕೆ 90, 60ಕ್ಕೆ 70 ಕ್ವಿಂಟಾಲ್. ಪ್ರತಿಯೊಂದು ಬೆಲೆಯ ಎದುರಿನ ಅಂಕಿಯೂ ಬದಲಾಗಿದೆ. ಮದುವೆಗಳ ಸಂಖ್ಯೆಗೆ ಚಿತ್ರದಲ್ಲಿ ಅಕ್ಷವಿಲ್ಲ. ಹಾಗಾಗಿ ಇದು ಪಲ್ಲಟ. ಹೊಸ ರೇಖೆಗೆ D1 ಎಂದು ಹೆಸರಿಡಿ.

ಹಳೆಯ ಬೆಲೆ 40ರಲ್ಲೇ ನಿಂತರೆ ಏನಾಗುತ್ತದೆ? ಕೊಳ್ಳುವವರಿಗೆ 90 ಕ್ವಿಂಟಾಲ್ ಬೇಕು, ಬರುವುದು 60. ಮೂವತ್ತು ಕ್ವಿಂಟಾಲ್ ಕೊರತೆ. ಹರಾಜಿನಲ್ಲಿ ಕೂಗು ಏರುತ್ತದೆ. 130 − P = P + 20 ಎಂದು ಬಿಡಿಸಿದರೆ ಹೊಸ ಬೆಲೆ 55 ರೂಪಾಯಿ, ಪ್ರಮಾಣ 75 ಕ್ವಿಂಟಾಲ್. ಈ ಬಿಂದುವನ್ನು C ಎನ್ನಿ.

ಇಲ್ಲಿ ಎರಡು ಸಂಗತಿಗಳು ಒಂದರ ಹಿಂದೆ ಒಂದು ನಡೆದಿವೆ. ಮೊದಲನೆಯದು ರೇಖೆಯ ಪಲ್ಲಟ: ಬೆಲೆ 40ರಲ್ಲೇ ಇರುವಾಗ 60ರಿಂದ 90ಕ್ಕೆ ಅಡ್ಡಲಾಗಿ ಹೋದದ್ದು. ಎರಡನೆಯದು ಹೊಸ ರೇಖೆಯ ಮೇಲಿನ ಚಲನೆ: ಬೆಲೆ 40ರಿಂದ 55ಕ್ಕೆ ಏರಿದಾಗ ಪ್ರಮಾಣ 90ರಿಂದ 75ಕ್ಕೆ ಇಳಿದದ್ದು. ಪೂರೈಕೆ ರೇಖೆ ಸರಿದಿಲ್ಲ. ಅದರ ಮೇಲೆ 60ರಿಂದ 75ಕ್ಕೆ ವಿಸ್ತರಣೆಯಾಗಿದೆ. ಚಿತ್ರದಲ್ಲಿ ಮೊದಲನೆಯದನ್ನು ಅಡ್ಡ ಬಾಣದಿಂದಲೂ ಎರಡನೆಯದನ್ನು ರೇಖೆಯುದ್ದಕ್ಕೂ ಹೋಗುವ ಸಣ್ಣ ಬಾಣದಿಂದಲೂ ತೋರಿಸಿದರೆ, ನೀವು ಎರಡನ್ನೂ ಬೇರ್ಪಡಿಸಿ ನೋಡಿದ್ದೀರಿ ಎಂಬುದು ಮೌಲ್ಯಮಾಪಕರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ಹಂತದಲ್ಲಿ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. ಒಂದು: ‘ಬೇಡಿಕೆ ಹೆಚ್ಚಿದ್ದರಿಂದ ಬೆಲೆ ಏರಿತು, ಬೆಲೆ ಏರಿದ್ದರಿಂದ ಬೇಡಿಕೆ ಇಳಿಯಿತು, ಬೇಡಿಕೆ ಇಳಿದದ್ದರಿಂದ ಬೆಲೆ ಮತ್ತೆ ಇಳಿಯಿತು’ ಎಂದು ಗಾಣದೆತ್ತಿನಂತೆ ಸುತ್ತುವ ಉತ್ತರ. ಮೊದಲ ‘ಬೇಡಿಕೆ’ ರೇಖೆಯ ಹೆಸರು, ಎರಡನೆಯ ‘ಬೇಡಿಕೆ’ ಬೇಡಿಕೆಯ ಪ್ರಮಾಣ. ಎರಡನೆಯ ಕಡೆ ‘ಬೇಡಿಕೆಯ ಪ್ರಮಾಣ ಇಳಿಯಿತು’ ಎಂದು ಬರೆದರೆ ವಾಕ್ಯ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಬೇಡಿಕೆಯ ಪ್ರಮಾಣ ಇಳಿದು 75 ಆದದ್ದೂ ಪೂರೈಕೆಯ ಪ್ರಮಾಣ ಏರಿ 75 ಆದದ್ದೂ ಸೇರಿ ಕೊರತೆಯನ್ನು ತುಂಬಿದವು, ಬೆಲೆಯನ್ನು ಮತ್ತೆ ತಳ್ಳುವಂಥದ್ದು ಏನೂ ಉಳಿಯಲಿಲ್ಲ.

ಇನ್ನೊಂದು: A ಮತ್ತು C ಬಿಂದುಗಳನ್ನು ಮಾತ್ರ ನೋಡಿ, ಬೆಲೆ 40ರಿಂದ 55ಕ್ಕೆ ಏರಿದರೂ ಪ್ರಮಾಣ 60ರಿಂದ 75ಕ್ಕೆ ಏರಿದೆ, ಆದ್ದರಿಂದ ಬೇಡಿಕೆಯ ನಿಯಮ ಇಲ್ಲಿ ಸೋತಿದೆ ಎಂದು ಬರೆಯುವುದು. ಬೇಡಿಕೆಯ ನಿಯಮ ಮಾತನಾಡುವುದು ಒಂದೇ ರೇಖೆಯ ಎರಡು ಬಿಂದುಗಳ ಬಗ್ಗೆ. A ಇರುವುದು D ಮೇಲೆ, C ಇರುವುದು D1 ಮೇಲೆ. ಈ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಅದು ಬೇಡಿಕೆ ರೇಖೆಯಲ್ಲ. ಸ್ಕೇಲಿಟ್ಟು ನೋಡಿ, ಅದು ಪೂರೈಕೆ ರೇಖೆ. ಮಾರುಕಟ್ಟೆಯ ದಿನದಿನದ ದರ ಮತ್ತು ಆವಕದ ಅಂಕಿಗಳನ್ನು ಗ್ರಾಫಿನಲ್ಲಿಟ್ಟು, ಬಂದ ಗೆರೆಗೆ ಬೇಡಿಕೆ ರೇಖೆ ಎಂದು ಹೆಸರಿಡುವ ಪ್ರಾಜೆಕ್ಟ್ ವರದಿಗಳಲ್ಲಿ ಇರುವ ದೋಷವೂ ಇದೇ.

5. ನಿರೀಕ್ಷೆಯ ಪ್ರಶ್ನೆಯಲ್ಲಿ ಕಾಲವನ್ನು ಗಮನಿಸಿ

‘ಮುಂದಿನ ವಾರ ಟೊಮೆಟೊ ಬೆಲೆ ಏರಲಿದೆ ಎಂಬ ಸುದ್ದಿ ಹಬ್ಬಿತು, ಇಂದಿನ ಬೇಡಿಕೆಗೆ ಏನಾಗುತ್ತದೆ?’ ಇಲ್ಲಿ ಬೆಲೆ ಎಂಬ ಪದವಿದೆ, ಟೊಮೆಟೊ ಎಂಬ ಪದವೂ ಇದೆ. ಆದರೂ ಇದು ಪಲ್ಲಟವೇ. ನಿಮ್ಮ ಅಕ್ಷದ ಮೇಲಿರುವುದು ಇಂದಿನ ಬೆಲೆ, ಮುಂದಿನ ವಾರದ್ದಲ್ಲ. ಇಂದಿನ ಬೆಲೆ 40ರಲ್ಲೇ ಇದ್ದರೂ ಜನ ಇವತ್ತೇ ಒಂದೆರಡು ಕೆ.ಜಿ. ಜಾಸ್ತಿ ಕೊಳ್ಳುತ್ತಾರೆ, ರೇಖೆ ಬಲಕ್ಕೆ ಸರಿಯುತ್ತದೆ. ಟೊಮೆಟೊ ಕೆಡುವ ಪದಾರ್ಥವಾದ್ದರಿಂದ ಈ ಪಲ್ಲಟ ಚಿಕ್ಕದಿರುತ್ತದೆ. ಈರುಳ್ಳಿಯಲ್ಲೋ ಹುಣಸೆಹಣ್ಣಿನಲ್ಲೋ ದೊಡ್ಡದಾಗಬಹುದು. ಮುಂದಿನ ವಾರ ಬೆಲೆ ನಿಜವಾಗಿಯೂ ಏರಿದಾಗ, ಆ ವಾರದ ಚಿತ್ರದಲ್ಲಿ ಆ ಏರಿಕೆಯಿಂದ ಆಗುವುದು ಚಲನೆ.

6. ಎರಡೂ ರೇಖೆಗಳು ಸರಿದಾಗ

ಮದುವೆಗಳೂ ಶುರುವಾದವು, ಫಸಲೂ ಹಾಳಾಯಿತು ಎಂಬ ಪ್ರಶ್ನೆ ಬಂದರೆ ಎರಡು ಹೊಸ ರೇಖೆಗಳನ್ನೂ ಒಂದೇ ಚಿತ್ರದಲ್ಲಿ ಎಳೆಯಿರಿ, ಆದರೆ ಒಂದಾದ ಮೇಲೆ ಒಂದನ್ನು. 130 − P = P − 20 ಎಂದರೆ ಬೆಲೆ 75 ರೂಪಾಯಿ, ಪ್ರಮಾಣ 55 ಕ್ವಿಂಟಾಲ್. ಬೇಡಿಕೆ ಹೆಚ್ಚಿದ್ದೂ ಪೂರೈಕೆ ಕುಗ್ಗಿದ್ದೂ ಬೆಲೆಯನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಹಾಗಾಗಿ ಬೆಲೆ ಏರುತ್ತದೆ ಎಂದು ನಿಸ್ಸಂಶಯವಾಗಿ ಬರೆಯಬಹುದು. ಪ್ರಮಾಣದ ವಿಷಯದಲ್ಲಿ ಹಾಗೆ ಬರೆಯಲಾಗದು. ನಮ್ಮ ಲೆಕ್ಕದಲ್ಲಿ ಅದು 60ರಿಂದ 55ಕ್ಕೆ ಇಳಿದದ್ದು, ಪೂರೈಕೆ 40 ಕ್ವಿಂಟಾಲ್ ಎಡಕ್ಕೆ ಸರಿದಾಗ ಬೇಡಿಕೆ 30 ಮಾತ್ರ ಬಲಕ್ಕೆ ಸರಿದ ಕಾರಣದಿಂದ. ಬೇಡಿಕೆಯೂ 40ರಷ್ಟೇ ಸರಿದಿದ್ದರೆ, ಅಂದರೆ Q = 140 − P ಆಗಿದ್ದರೆ, ಬೆಲೆ 80 ಆಗಿ ಪ್ರಮಾಣ ಮೊದಲಿನ 60ರಲ್ಲೇ ನಿಲ್ಲುತ್ತಿತ್ತು; 60ರಷ್ಟು ಸರಿದಿದ್ದರೆ ಬೆಲೆ 90 ಆಗಿ ಪ್ರಮಾಣ 70ಕ್ಕೆ ಏರುತ್ತಿತ್ತು. ಪ್ರಶ್ನೆಯಲ್ಲಿ ಅಂಕಿಗಳನ್ನು ಕೊಡದಿದ್ದಾಗ ‘ಪ್ರಮಾಣದ ಬದಲಾವಣೆಯು ಯಾವ ರೇಖೆ ಹೆಚ್ಚು ಸರಿಯಿತು ಎಂಬುದನ್ನು ಅವಲಂಬಿಸಿದೆ’ ಎಂದು ಬರೆದು, ಮೂರು ಸಾಧ್ಯತೆಗಳಿಗೂ ಮೂರು ಚಿಕ್ಕ ಚಿತ್ರಗಳನ್ನು ಕೊಡಿ. ಆ ಮೂರರಲ್ಲೂ ಹೊಸ ಸಮತೋಲನ ಬಿಂದು ಹಳೆಯ D ರೇಖೆಯ ಮೇಲೆ ಬೀಳಬಾರದು. ಬಿದ್ದಿದ್ದರೆ ನೀವು ಹೊಸ ಬೇಡಿಕೆ ರೇಖೆಯನ್ನು ಎಳೆದೂ, ಪೂರೈಕೆ ಅದನ್ನು ಕಡಿಯುವ ಜಾಗವನ್ನು ಹಳೆಯ ರೇಖೆಯ ಮೇಲೆ ಗುರುತಿಸಿದ್ದೀರಿ ಎಂದರ್ಥ.